ದುಡ್ಡು ಬರೋದಕ್ಕೆ ಪಿನ್ ಯಾಕೆ ಬೇಕು? ಹಳೆ ಸಾಮಾನು ಮಾರುವವರು ಬೀಳುವ ಯುಪಿಐ ಗುಂಡಿ

ನಮ್ಮ ಅತ್ತಿಗೆ ದಾವಣಗೆರೆಯಲ್ಲಿದ್ದಾರೆ. ಹೊಸ ಹೊಲಿಗೆ ಮಷೀನ್ ತಗೊಂಡ ಮೇಲೆ ಹಳೆಯದನ್ನು ಮಾರೋಣ ಅಂತ ಒಂದು ಭಾನುವಾರ ಆನ್‌ಲೈನಿನಲ್ಲಿ ಜಾಹೀರಾತು ಹಾಕಿದರು. ಮೋಟಾರು ಹಾಕಿಸಿದ್ದ ಮಷೀನು, ಬೆಲೆ 7,500 ರೂಪಾಯಿ. ಫೋಟೋ ಹಾಕಿ ಕಾಲು ಗಂಟೆಯೂ ಆಗಿರಲಿಲ್ಲ, ಫೋನ್ ಬಂತು.

ಆ ಕಡೆಯವನು ಹಿಂದಿ ಬೆರೆಸಿ ಮಾತಾಡಿದ. ತಾನು ಸೈನ್ಯದಲ್ಲಿದ್ದೇನೆ, ಡ್ಯೂಟಿ ಬಿಟ್ಟು ಬರೋಕಾಗಲ್ಲ, ಹೆಂಡತಿಗೆ ಮಷೀನ್ ಬೇಕು, ನಾಳೆ ಗಾಡಿ ಕಳಿಸಿ ತರಿಸ್ತೀನಿ, ದುಡ್ಡು ಮಾತ್ರ ಈಗಲೇ ಕೊಡ್ತೀನಿ ಅಂದ. ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಅತ್ತಿಗೆಗೆ ಅಲ್ಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ನಮಗಾದರೂ ಬರುತ್ತಿತ್ತಾ? ಕೇಳಿದ ಬೆಲೆ ಸಿಕ್ಕರೆ ಯಾರಿಗೆ ಬೇಜಾರು.

"ಮೊದಲು ಐದು ರೂಪಾಯಿ ಹಾಕಿ ಚೆಕ್ ಮಾಡೋಣ ಮೇಡಂ" ಅಂತ ವಾಟ್ಸಾಪಿಗೆ ಒಂದು ಕ್ಯೂಆರ್ ಕೋಡ್ ಕಳಿಸಿದ. ಇವರು ಅದನ್ನು ಆಪ್‌ನಲ್ಲಿ ತೆರೆದು ಪಿನ್ ಒತ್ತಿದರು. ಎರಡೇ ಸೆಕೆಂಡಿನಲ್ಲಿ ಬ್ಯಾಂಕಿನಿಂದ ಮೆಸೇಜ್: ಹತ್ತು ರೂಪಾಯಿ ಜಮಾ. "ನೋಡಿದ್ರಾ, ಬಂತಲ್ವಾ? ಈಗ ಪೂರ್ತಿ ದುಡ್ಡಿನದು ಕಳಿಸ್ತೀನಿ, ಹಂಗೇ ಮಾಡಿ." ಎರಡನೇ ಕೋಡ್ ಬಂತು. ಅದರ ಮೇಲೆ ದಪ್ಪ ಹಸಿರು ಅಕ್ಷರದಲ್ಲಿ Receive ₹7,500 ಅಂತ ಬರೆದಿತ್ತು. ಅತ್ತಿಗೆ ಮತ್ತೆ ಪಿನ್ ಒತ್ತಿದರು. 7,500 ರೂಪಾಯಿ ಹೋಯಿತು.

ಇದೇ ಮೋಸ ರಿಫಂಡ್ ಲಿಂಕ್ ಹೆಸರಲ್ಲಿಯೂ ಬರುತ್ತದೆ, ಬಾಡಿಗೆ ಅಡ್ವಾನ್ಸ್ ಹೆಸರಲ್ಲಿಯೂ ಬರುತ್ತದೆ. ವೇಷ ಯಾವುದಾದರೂ ನಡುವಿನ ಕೆಲಸ ಒಂದೇ. ದುಡ್ಡು ಬರಬೇಕಾದ ಮನುಷ್ಯನ ಕೈಯಲ್ಲೇ ಪಿನ್ ಒತ್ತಿಸುವುದು. ಅದು ಒಳಗೆ ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಮುಂದಿನ ವೇಷ ಹೊಸದಾಗಿದ್ದರೂ ಗುರುತು ಸಿಗುತ್ತದೆ.

ಪಿನ್ ಅಂದರೆ ಬೀಗದ ಕೈ ಅಲ್ಲ, ಸಹಿ

ಬ್ಯಾಂಕಿಗೆ ಹೋಗಿ ಯಾರದ್ದೋ ಖಾತೆಗೆ ಹಣ ಕಟ್ಟುವುದನ್ನು ನೆನಪಿಸಿಕೊಳ್ಳಿ. ಚಲನ್ ತುಂಬುತ್ತೀರಿ, ಅವರ ಹೆಸರು, ಖಾತೆ ನಂಬರ್ ಬರೆಯುತ್ತೀರಿ, ಕೌಂಟರಿನಲ್ಲಿ ದುಡ್ಡು ಕೊಡುತ್ತೀರಿ. ಖಾತೆ ಯಾರದ್ದೋ ಅವರು ಅಲ್ಲಿ ಬರಬೇಕಿಲ್ಲ. ಅವರ ಸಹಿ ಬೇಕಿಲ್ಲ. ಅವರು ಮನೆಯಲ್ಲಿ ಮಲಗಿದ್ದರೂ ಹಣ ಜಮಾ ಆಗುತ್ತದೆ. ಅದೇ ಹಣ ತೆಗೆಯಬೇಕಾದರೆ ಬೇರೆ ಫಾರಂ, ಅದಕ್ಕೆ ಖಾತೆದಾರರ ಸಹಿ ಬೇಕೇ ಬೇಕು, ಸಹಿ ಸ್ವಲ್ಪ ಸೊಟ್ಟಗಾದರೂ ಕ್ಲರ್ಕ್ ವಾಪಸ್ ಕಳಿಸುತ್ತಾರೆ.

ಯುಪಿಐ ಪಿನ್ ಆ ಸಹಿಯ ಜಾಗದಲ್ಲಿ ಕೂತಿದೆ. ನಾಲ್ಕೋ ಆರೋ ಅಂಕಿಯ ಆ ನಂಬರನ್ನು ಒತ್ತಿದಾಗ ನೀವು ನಿಮ್ಮ ಬ್ಯಾಂಕಿಗೆ ಹೇಳುವುದು ಇಷ್ಟು: "ಪರದೆ ಮೇಲೆ ಕಾಣುವ ಮೊತ್ತವನ್ನು ನನ್ನ ಖಾತೆಯಿಂದ ತೆಗೆದು ಪರದೆ ಮೇಲೆ ಕಾಣುವ ಹೆಸರಿನವರಿಗೆ ಕೊಡಿ." ಹಣ ಬರುವಾಗ ಪಿನ್ ಒತ್ತಬೇಕಾದವರು ಕಳಿಸುವವರು. ಪಡೆಯುವವರ ಫೋನು ಆಫ್ ಆಗಿದ್ದರೂ ದುಡ್ಡು ಬಂದು ಖಾತೆಯಲ್ಲಿ ಕೂರುತ್ತದೆ.

ಇಷ್ಟು ಸುಲಭದ ವಿಷಯದಲ್ಲಿ ಜನ ಯಾಕೆ ಎಡವುತ್ತಾರೆ? ನನಗೆ ಅನ್ನಿಸುವುದು, ಇದರಲ್ಲಿ ಎಟಿಎಂ ಪಾಲು ದೊಡ್ಡದು. ವರ್ಷಗಟ್ಟಲೆ ನಾವು ಕಲಿತಿರುವುದೇ ಹಾಗೆ: ಕಾರ್ಡ್ ಹಾಕು, ಪಿನ್ ಒತ್ತು, ದುಡ್ಡು ಹೊರಗೆ ಬರುತ್ತದೆ. ಪಿನ್ ಒತ್ತಿದರೆ ಕೈಗೆ ದುಡ್ಡು ಬರುತ್ತೆ ಅನ್ನೋದು ತಲೆಯಲ್ಲಿ ಕೂತುಬಿಟ್ಟಿದೆ. ಅಲ್ಲೂ ದುಡ್ಡು ಖಾತೆಯಿಂದ ಹೋಗಿಯೇ ಇರುತ್ತದೆ, ಆದರೆ ನೋಟು ಕೈಯಲ್ಲಿರುವಾಗ ಯಾರಿಗೆ ಅದು ಹೋದ ಹಾಗೆ ಅನ್ನಿಸುತ್ತದೆ?

ಇನ್ನೊಂದು ಗೊಂದಲ ಆಪ್‌ನಿಂದಲೇ ಹುಟ್ಟುತ್ತದೆ. ಬ್ಯಾಲೆನ್ಸ್ ನೋಡೋಕೂ ಅದೇ ಪಿನ್ ಕೇಳುತ್ತದೆ. ಅದರಲ್ಲಿ ಹಣ ಎಲ್ಲಿಗೂ ಹೋಗುವುದಿಲ್ಲ. ಹೀಗಾಗಿ ಪಿನ್ ಅಂದರೆ ಫೋನಿನ ಲಾಕ್ ತೆಗೆದ ಹಾಗೆ, ಒಳಗೆ ಹೋಗೋಕೆ ಒಂದು ಬೀಗದ ಕೈ ಅಂತ ಅನ್ನಿಸಿಬಿಡುತ್ತದೆ. "ಅಕೌಂಟ್ ವೆರಿಫೈ ಆಗಬೇಕು, ಪಿನ್ ಹಾಕಿ" ಅಂತ ಮೋಸಗಾರ ಹೇಳಿದಾಗ ಅದು ಸರಿ ಅನ್ನಿಸುವುದು ಇದೇ ಕಾರಣಕ್ಕೆ.

ಪಿನ್ ಇಲ್ಲದೆ ಹಣ ಹೋಗುವ ದಾರಿಗಳೂ ಇವೆ ಅನ್ನೋದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ಯುಪಿಐ ಲೈಟ್ ಇಟ್ಟುಕೊಂಡವರಿಗೆ ಸಣ್ಣ ಮೊತ್ತಕ್ಕೆ ಪಿನ್ ಕೇಳುವುದಿಲ್ಲ. ಕೆಲವು ಆಪ್‌ಗಳಲ್ಲಿ ಈಗ ಪಿನ್ ಬದಲು ಬೆರಳೋ ಮುಖವೋ ತೋರಿಸಿದರೂ ಸಾಕು. ಹಾಗಾಗಿ "ಪಿನ್ ಬೇಡ, ಬೆರಳಿಡಿ ಸಾಕು" ಅಂದರೂ ಲೆಕ್ಕ ಒಂದೇ, ಸಹಿ ಬದಲು ಹೆಬ್ಬೆಟ್ಟು ಒತ್ತಿದ ಹಾಗೆ.

ಕ್ಯೂಆರ್ ಕೋಡ್ ಒಳಗೆ ಏನಿರುತ್ತದೆ

ಕ್ಯೂಆರ್ ನೋಡೋಕೆ ಚುಕ್ಕಿ ಚುಕ್ಕಿ ಚಿತ್ತಾರ. ಆದರೆ ಅದು ಬರೀ ಅಕ್ಷರ. ಕ್ಯಾಮೆರಾ ಓದಲಿ ಅಂತ ಚುಕ್ಕಿಗಳ ರೂಪದಲ್ಲಿ ಬರೆದ ಒಂದು ಸಾಲು, ಅಷ್ಟೇ. ಅತ್ತಿಗೆಗೆ ಬಂದಂಥ ಕೋಡನ್ನು ಬಿಡಿಸಿದರೆ ಸುಮಾರಾಗಿ ಹೀಗಿರುತ್ತದೆ:

```
upi://pay?pa=someone@bank&pn=Army%20Canteen&am=7500&cu=INR&tn=Receive%20Payment
```

ಹೆದರಬೇಡಿ, ಓದೋದು ಕಷ್ಟವಿಲ್ಲ. ಶುರುವಿನಲ್ಲೇ `pay` ಇದೆ, ಅಂದರೆ ಪಾವತಿ ಮಾಡು. `pa` ಅಂದರೆ ಹಣ ಯಾರ ಯುಪಿಐ ವಿಳಾಸಕ್ಕೆ ಹೋಗಬೇಕು ಅನ್ನೋದು. `am` ಮೊತ್ತ. `cu` ಯಾವ ದೇಶದ ದುಡ್ಡು ಅನ್ನೋದು. ಉಳಿದ ಎರಡನ್ನು ಸ್ವಲ್ಪ ನಿಧಾನವಾಗಿ ನೋಡಿ. `pn` ಅನ್ನೋದು ಹೆಸರು, `tn` ಅನ್ನೋದು ಟಿಪ್ಪಣಿ. ಈ ಎರಡರಲ್ಲಿ ಕೋಡ್ ಮಾಡಿದವನು ಏನು ಬೇಕಾದರೂ ಬರೆಯಬಹುದು. "ರಿಫಂಡ್ ಇಲಾಖೆ" ಅಂತ ಬರೆಯಬಹುದು, "ನಿಮಗೆ ಹಣ ಬರುತ್ತಿದೆ" ಅಂತ ಬರೆಯಬಹುದು. ಬರೆದ ಮಾತ್ರಕ್ಕೆ ಹಣದ ದಿಕ್ಕು ಬದಲಾಗುವುದಿಲ್ಲ. ಬಸ್ಸಿನ ಬೋರ್ಡಿನಲ್ಲಿ ಹರಿಹರ ಅಂತ ಬರೆದರೂ ಡ್ರೈವರ್ ಚಿತ್ರದುರ್ಗದ ಕಡೆ ಹೊರಟರೆ ಬಸ್ಸು ಚಿತ್ರದುರ್ಗಕ್ಕೇ ಹೋಗುತ್ತದೆ.

ಕೋಡ್ ಮೇಲೆ ಹಸಿರು ಅಕ್ಷರದಲ್ಲಿದ್ದ Receive ಅಂತೂ ಇನ್ನೂ ಸಸಾರ. ಅದು ಕೋಡಿನ ಒಳಗೂ ಇಲ್ಲ. ಫೋಟೋ ಮೇಲೆ ಅಕ್ಷರ ಕೂರಿಸೋ ಯಾವುದೋ ಆಪ್‌ನಲ್ಲಿ ಎರಡು ನಿಮಿಷದಲ್ಲಿ ಮಾಡಿದ ಚಿತ್ರ.

ಅಂಗಡಿಯಲ್ಲಿ ದಿನಾ ನೋಡುತ್ತೇವಲ್ಲ, ಕ್ಯೂಆರ್ ಅಂಟಿಸಿರುವವರು ಅಂಗಡಿಯವರು, ಸ್ಕ್ಯಾನ್ ಮಾಡುವವರು ನಾವು, ದುಡ್ಡು ಹೋಗುವುದು ಅಂಗಡಿಯವರಿಗೆ. ಕೋಡ್ ಯಾರದ್ದೋ ದುಡ್ಡು ಅವರಿಗೆ. ಮಷೀನ್ ಮಾರುವವರು ಅತ್ತಿಗೆ ಅಂದಮೇಲೆ ಅಂಗಡಿಯವರ ಜಾಗದಲ್ಲಿ ಇರಬೇಕಾದವರು ಅವರು. ಅವರ ಕೋಡನ್ನು ಅವನು ಸ್ಕ್ಯಾನ್ ಮಾಡಬೇಕಿತ್ತು. ಕೊಳ್ಳುವವನೇ ಕೋಡ್ ಕಳಿಸಿದ ಅಂದರೆ ಗಿರಾಕಿ ಗಲ್ಲಾಪೆಟ್ಟಿಗೆ ಹಿಂದೆ ಹೋಗಿ ಕೂತ ಹಾಗೆ.

ಐದು ರೂಪಾಯಿ ಆಟ

ಈ ಮೋಸದಲ್ಲಿ ನನಗೆ ತುಂಬಾ ಚಾಲಾಕಿ ಅನ್ನಿಸಿದ್ದು ಆ ಐದು ರೂಪಾಯಿ. ಅತ್ತಿಗೆ ಹೇಳುವುದು ಇವತ್ತಿಗೂ ಅದನ್ನೇ: "ಮೊದಲನೇ ಸಲ ಬಂತಲ್ಲಪ್ಪ, ಅದಕ್ಕೇ ನಂಬಿದೆ."

ಅವರ ಖಾತೆಯ ಲೆಕ್ಕ ಬಿಡಿಸಿ ನೋಡೋಣ. ಶುರುವಿನಲ್ಲಿ 12,340 ರೂಪಾಯಿ ಇತ್ತು. ಮೊದಲ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ 5 ರೂಪಾಯಿ ಅವನಿಗೆ ಹೋಯಿತು, ಉಳಿದದ್ದು 12,335. ಆ ಕಡೆ ಅವನು ಫೋನ್ ಹಿಡಿದು ಕಾಯುತ್ತಿದ್ದ. ತನಗೆ 5 ಬಂದದ್ದು ಕಂಡ ತಕ್ಷಣ ತನ್ನ ಆಪ್‌ನಿಂದ, ತನ್ನ ಪಿನ್ ಒತ್ತಿ, ಬೇರೆಯದೇ ಪಾವತಿಯಾಗಿ 10 ರೂಪಾಯಿ ಕಳಿಸಿದ. ಖಾತೆಯಲ್ಲಿ 12,345 ಆಯಿತು. ಎರಡೂ ಬೇರೆ ಬೇರೆ ವ್ಯವಹಾರ, ಒಂದಕ್ಕೂ ಇನ್ನೊಂದಕ್ಕೂ ಯಾವ ಸಂಬಂಧವೂ ಇಲ್ಲ. ಆದರೆ ಎರಡೂ ಕೆಲವೇ ಸೆಕೆಂಡಿನ ಅಂತರದಲ್ಲಿ ನಡೆದದ್ದರಿಂದ, ಮೇಲೆ ಕಾಣುವ ಹೊಸ ಮೆಸೇಜು ಜಮಾದ್ದೇ ಆದ್ದರಿಂದ, "ನಾನು ಪಿನ್ ಒತ್ತಿದೆ, ದುಡ್ಡು ಬಂತು" ಅಂತ ಕಾಣುತ್ತದೆ. ಕಡಿತದ ಮೆಸೇಜು ಅದರ ಕೆಳಗೇ ಇತ್ತು. ಯಾರೂ ಓದುವುದಿಲ್ಲ, ಐದು ರೂಪಾಯಿ ತಾನೆ.

ಎರಡನೇ ಕೋಡಿಗೆ 7,500 ಹೋಯಿತು, ಉಳಿದದ್ದು 4,845. ಅತ್ತಿಗೆ ಗಾಬರಿಯಾಗಿ ಫೋನ್ ಮಾಡಿದರು. ಅವನು ಸ್ವಲ್ಪವೂ ಅಳುಕಲಿಲ್ಲ. ಅಯ್ಯೋ, ನಮ್ಮ ಅಕೌಂಟ್ಸ್ ಸೆಕ್ಷನ್‌ನವರು ತಪ್ಪು ಮಾಡಿದ್ದಾರೆ, ಈಗ 15,000ದ ಕೋಡ್ ಕಳಿಸ್ತೀನಿ, ಹೋದದ್ದೂ ಸೇರಿ ಒಟ್ಟಿಗೇ ಬರುತ್ತೆ, ಫೋನ್ ಇಡಬೇಡಿ ಅಂದ. ಕಳಕೊಂಡ ದುಡ್ಡು ವಾಪಸ್ ಬರುತ್ತೆ ಅನ್ನುವಾಗ ಮನುಷ್ಯ ಇನ್ನೂ ಬೇಗ ಪಿನ್ ಒತ್ತುತ್ತಾನೆ. ಇದು ಅವರಿಗೆ ಚೆನ್ನಾಗಿ ಗೊತ್ತು, ಅದಕ್ಕೇ ಈ ಎರಡನೇ ಸುತ್ತು ಇರುವುದು. ಅತ್ತಿಗೆಯೂ ಒತ್ತಿದರು. ಈ ಸಲ ಪಾವತಿ ಆಗಲಿಲ್ಲ. ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ ಅಂತ ಪರದೆ ಮೇಲೆ ಬಂತು.

ಅವರು ಆ ಸಾಲನ್ನು ಎರಡು ಸಲ ಓದಿದರಂತೆ. ನನಗೆ ಬರಬೇಕಾದ ದುಡ್ಡಿಗೆ ನನ್ನ ಖಾತೆಯಲ್ಲಿ ಯಾಕೆ ಹಣ ಇರಬೇಕು? ಅಲ್ಲಿಗೆ ಎಲ್ಲ ಅರ್ಥವಾಯಿತು. ಖಾತೆಯಲ್ಲಿ ಇಪ್ಪತ್ತು ಸಾವಿರ ಇದ್ದಿದ್ದರೆ ಅದೂ ಹೋಗಿರುತ್ತಿತ್ತು, ಆಮೇಲೆ 30,000ದ ಕೋಡ್ ಬರುತ್ತಿತ್ತು.

ಹಳೆ ದಾರಿ ಮುಚ್ಚಿದೆ, ಹೊಸ ದಾರಿಗಳಿವೆ

ಯುಪಿಐ 2016ರಲ್ಲಿ ಶುರುವಾದಾಗಿನಿಂದ ಅದರಲ್ಲಿ ಎರಡು ದಿಕ್ಕು ಇತ್ತು. ಒಂದು, ನಾನಾಗಿ ನಿಮಗೆ ಹಣ ಕಳಿಸುವುದು. ಇನ್ನೊಂದು, ನಿಮಗೆ ಹಣ ಬೇಕು ಅಂತ ನೀವೇ ನನ್ನ ಫೋನಿಗೆ ಕೋರಿಕೆ ಕಳಿಸುವುದು, ನಾನು ಪಿನ್ ಒತ್ತಿ ಒಪ್ಪುವುದು. ಎರಡನೆಯದಕ್ಕೆ ಕಲೆಕ್ಟ್ ರಿಕ್ವೆಸ್ಟ್ ಅನ್ನುತ್ತಾರೆ. ಗೆಳೆಯರು ಹೋಟೆಲ್ ಬಿಲ್ ಹಂಚಿಕೊಳ್ಳೋಕೆ ಇದು ಅನುಕೂಲವಾಗಿತ್ತು. ಮೋಸಗಾರರಿಗೆ ಅದಕ್ಕಿಂತ ಜಾಸ್ತಿ ಅನುಕೂಲವಾಯಿತು. ಕ್ಯೂಆರ್ ಕೂಡ ಬೇಕಿರಲಿಲ್ಲ, ಮಾರುವವರ ಫೋನ್ ನಂಬರ್ ಇದ್ದರೆ ಸಾಕು, ಕೋರಿಕೆ ಕಳಿಸಿ "ಒಂದು ನೋಟಿಫಿಕೇಶನ್ ಬಂದಿದೆ ನೋಡಿ, ಒಪ್ಪಿಗೆ ಕೊಡಿ" ಅನ್ನುತ್ತಿದ್ದರು.

ಯುಪಿಐ ನಡೆಸುವ ಎನ್‌ಪಿಸಿಐ ಮೊದಲು ಇದಕ್ಕೆ 2,000 ರೂಪಾಯಿಯ ಮಿತಿ ಹಾಕಿತ್ತು. ಆಮೇಲೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಕಲೆಕ್ಟ್ ರಿಕ್ವೆಸ್ಟನ್ನೇ ನಿಲ್ಲಿಸಲು ಹೇಳಿತು. ಅಂಗಡಿ, ಕಂಪನಿಗಳು ಕಳಿಸುವ ಕೋರಿಕೆಗೆ ಆಗ ಈ ತಡೆ ಇರಲಿಲ್ಲ, ಯಾಕೆಂದರೆ ಟಿಕೆಟ್ ಬುಕಿಂಗ್‌ನಂಥ ಕಡೆ ಅದು ಬೇಕಾಗುತ್ತಿತ್ತು.

ಹಾಗಾಗಿ ನಿಮ್ಮ ಪರಿಚಯದವರು "ರಿಕ್ವೆಸ್ಟ್ ಬಂದರೆ ಒಪ್ಪಬೇಡ" ಅಂತ ಎರಡು ವರ್ಷದ ಹಿಂದೆ ಹೇಳಿದ ಬುದ್ಧಿಮಾತು ತಪ್ಪೇನಲ್ಲ, ಆದರೆ ಅಷ್ಟೇ ಸಾಲುವುದಿಲ್ಲ. ಕ್ಯೂಆರ್ ಹಾಗೇ ಇದೆ. ಮೇಲೆ ತೋರಿಸಿದ ಸಾಲನ್ನೇ ಲಿಂಕ್ ಮಾಡಿ ಮೆಸೇಜಿನಲ್ಲಿ ಕಳಿಸುವುದೂ ಹಾಗೇ ಇದೆ, ಒತ್ತಿದರೆ ಸೀದಾ ನಿಮ್ಮ ಯುಪಿಐ ಆಪ್ ತೆರೆದು ಮೊತ್ತ ತುಂಬಿದ ಪರದೆ ಮುಂದೆ ಬರುತ್ತದೆ. ಆಟೋಪೇ ಅಂತ ಇನ್ನೊಂದಿದೆ. ತಿಂಗಳ ಕಂತು ತಾನಾಗಿ ಕಡಿತವಾಗೋಕೆ ಮಾಡಿದ್ದು ಅದು. ಅದಕ್ಕೆ ಒಂದು ಸಲ ಪಿನ್ ಒತ್ತಿ ಒಪ್ಪಿದರೆ ಆಮೇಲೆ ಸಾಮಾನ್ಯವಾಗಿ 15,000 ರೂಪಾಯಿವರೆಗಿನ ಕಂತಿಗೆ ಮತ್ತೆ ಪಿನ್ ಕೇಳುವುದಿಲ್ಲ. ಗೊತ್ತಿಲ್ಲದೆ ಒಪ್ಪಿದ್ದೀರಾ ಅಂತ ಅನುಮಾನವಿದ್ದರೆ ಆಪ್‌ನಲ್ಲಿ ಆಟೋಪೇ ಅನ್ನೋ ಜಾಗಕ್ಕೆ ಹೋಗಿ ನೋಡಿ, ಅಲ್ಲೇ ರದ್ದು ಮಾಡಬಹುದು.

ರಿಫಂಡ್ ಲಿಂಕ್ ಬಂದಾಗ

ಇಲ್ಲಿ ಫೋನ್ ಮಾಡುವವನು ಕೊಳ್ಳುವವನಲ್ಲ, ಕಸ್ಟಮರ್ ಕೇರ್. ಹಲವು ಸಲ ಅವನು ಮಾಡುವುದೂ ಇಲ್ಲ, ನಾವೇ ಮಾಡುತ್ತೇವೆ. ತರಿಸಿದ ಸಾಮಾನು ಸರಿಯಿಲ್ಲ, ದುಡ್ಡು ವಾಪಸ್ ಬೇಕು, ಕಂಪನಿಯ ನಂಬರ್ ಅಂತ ಗೂಗಲ್‌ನಲ್ಲಿ ಹುಡುಕುತ್ತೇವೆ, ಮೊದಲು ಕಂಡ ನಂಬರಿಗೆ ಫೋನ್ ಹಚ್ಚುತ್ತೇವೆ. ಆ ನಂಬರನ್ನು ಅಲ್ಲಿ ಹಾಕಿದವರು ಯಾರು ಅಂತ ನೋಡುವುದಿಲ್ಲ. ನಾವೇ ಕರೆ ಮಾಡಿದ್ದರಿಂದ ಅನುಮಾನ ಇನ್ನೂ ಕಡಿಮೆ.

ಅವರು ಕಳಿಸುವ ಲಿಂಕ್ ಒತ್ತಿದಾಗ ಮೂರರಲ್ಲಿ ಒಂದು ಆಗುತ್ತದೆ. ಯುಪಿಐ ಆಪ್ ತೆರೆದು ಪಾವತಿ ಪರದೆ ಬರಬಹುದು, ಅದು ಅತ್ತಿಗೆಯ ಕಥೆಯೇ. ಅಥವಾ ಬ್ರೌಸರಿನಲ್ಲಿ ಒಂದು ಪುಟ ತೆರೆದು ಹೆಸರು, ಖಾತೆ, ಡೆಬಿಟ್ ಕಾರ್ಡ್ ನಂಬರ್, ಯುಪಿಐ ಪಿನ್ ಎಲ್ಲ ತುಂಬಲು ಹೇಳಬಹುದು. ಅಥವಾ ಒಂದು ಆಪ್ ಹಾಕಿಕೊಳ್ಳಿ ಅನ್ನಬಹುದು. ಮೂರರಲ್ಲಿ ಕೊನೆಯದು ಜಾಸ್ತಿ ಕೆಟ್ಟದ್ದು, ಯಾಕೆ ಅಂತ ಹೇಳುತ್ತೇನೆ.

ನಿಮ್ಮ ಪಿನ್ ಒಂದೇ ಬೇರೆಯವರಿಗೆ ಗೊತ್ತಾದರೆ ಅವರ ಫೋನಿನಿಂದ ನಿಮ್ಮ ಹಣ ತೆಗೆಯೋಕಾಗುವುದಿಲ್ಲ. ಯುಪಿಐ ಆಪ್ ಶುರು ಮಾಡುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್ಸೆಮ್ಮೆಸ್ ತಾನಾಗಿ ಹೋಗುತ್ತದಲ್ಲ, ಆ ಎಸ್ಸೆಮ್ಮೆಸ್ ನಿಮ್ಮ ನಂಬರನ್ನೂ ಆ ಫೋನನ್ನೂ ಗಂಟು ಹಾಕುತ್ತದೆ. ಬೇರೆ ಫೋನಿನಲ್ಲಿ ಆ ಗಂಟು ಇಲ್ಲ. ಆದರೆ ಅವರು ಕೊಟ್ಟ ಆಪ್ ಹಾಕಿಕೊಂಡು, ಅದು ಕೇಳಿದ ಎಸ್ಸೆಮ್ಮೆಸ್ ಅನುಮತಿ ಕೊಟ್ಟರೆ, ಆ ಮೆಸೇಜನ್ನು ನಿಮ್ಮ ಸಿಮ್‌ನಿಂದ ಕಳಿಸುವುದೂ ನಿಮಗೆ ಬಂದ ಓಟಿಪಿ ಓದುವುದೂ ಅದರ ಕೈಗೆ ಬರುತ್ತದೆ. ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ, ಕಾರ್ಡ್ ಮುಗಿಯುವ ತಿಂಗಳು, ಓಟಿಪಿ ಸಿಕ್ಕರೆ ಹೊಸ ಪಿನ್ನೇ ಮಾಡಿಕೊಳ್ಳಬಹುದು. ಆಗ ನೀವು ಏನೂ ಒತ್ತಬೇಕಿಲ್ಲ. ಪರದೆ ಹಂಚಿಕೊಳ್ಳುವ ಆಪ್ ಹಾಕಿಸುವುದೂ ಇದೇ ಜಾತಿ, ನಿಮ್ಮ ಪರದೆ ಮೇಲೆ ಬರುವ ಓಟಿಪಿ, ಕಾರ್ಡ್ ನಂಬರ್ ಅವರು ಕೂತಲ್ಲಿಂದಲೇ ಓದುತ್ತಾರೆ.

ನಿಜವಾದ ರಿಫಂಡ್ ಹೇಗೆ ಬರುತ್ತದೆ? ಸದ್ದಿಲ್ಲದೆ. ಯಾವ ಖಾತೆಯಿಂದ ಕೊಟ್ಟಿದ್ದೀರೋ ಅದಕ್ಕೇ ಕಂಪನಿಯವರು ಅವರ ಕಡೆಯಿಂದ ಹಿಂದಿರುಗಿಸುತ್ತಾರೆ. ಒಂದೆರಡು ದಿನವೋ ಒಂದು ವಾರವೋ ಹಿಡಿಯಬಹುದು. ಅದಕ್ಕೆ ನೀವು ಮಾಡುವ ಕೆಲಸ ಕಾಯುವುದೊಂದೇ. ನಗದು ಕೊಟ್ಟು ತಗೊಂಡಿದ್ದರೆ ಖಾತೆ ನಂಬರೋ ಯುಪಿಐ ವಿಳಾಸವೋ ಕೇಳಬಹುದು, ಅದನ್ನೂ ಕಂಪನಿಯ ಆಪ್ ಒಳಗೇ ಕೇಳುತ್ತಾರೆ. ಪಿನ್ ಕೇಳಲು ಅವರಿಗೆ ಕಾರಣವೇ ಇಲ್ಲ.

ಪಿನ್ ಪರದೆಯನ್ನು ಓದುವುದು

ಪಿನ್ ಒತ್ತುವ ಆ ಪುಟವನ್ನು ನಾವು ಯಾರೂ ಓದುವುದಿಲ್ಲ. ಬೆರಳು ತಾನಾಗಿ ಹೋಗುತ್ತದೆ. ಆದರೆ ಉತ್ತರ ಅಲ್ಲೇ ಇರುತ್ತದೆ. ನಿಮ್ಮ ಬ್ಯಾಂಕಿನ ಹೆಸರು, ಹಣ ಯಾರಿಗೆ, ಎಷ್ಟು ಅನ್ನೋದು ಬರೆದಿರುತ್ತದೆ. ನಿಮ್ಮ ಖಾತೆಯಿಂದ ಹಣ ವರ್ಗವಾಗುತ್ತಿದೆ ಅನ್ನುವ ಎಚ್ಚರಿಕೆ ಸಾಲೂ ಹಲವು ಕಡೆ ಕಾಣುತ್ತದೆ. ಮೋಸಗಾರರು ಫೋನ್ ಇಡಬೇಡಿ, ಬೇಗ ಮಾಡಿ, ಕೋಡ್ ಎರಡು ನಿಮಿಷಕ್ಕೆ ಮುಗಿದುಹೋಗುತ್ತೆ ಅಂತ ಒಂದೇ ಸಮ ಮಾತಾಡುವುದು ಈ ಸಾಲು ಓದದಿರಲಿ ಅಂತಲೇ.

ಹೆಸರಿನ ವಿಷಯದಲ್ಲಿ ಈಗ ಒಂದು ಅನುಕೂಲ ಇದೆ. ಹಣ ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವ ಅಸಲಿ ಹೆಸರನ್ನೇ ತೋರಿಸಬೇಕು ಅಂತ 2025ರಲ್ಲಿ ಎನ್‌ಪಿಸಿಐ ಆಪ್‌ಗಳಿಗೆ ಹೇಳಿದೆ. `pn` ಅಲ್ಲಿ ಏನೇ ಬರೆದಿದ್ದರೂ ಪಾವತಿಗೆ ಮುಂಚೆ ಖಾತೆಯ ಹೆಸರು ಕಾಣಬೇಕು. ಅತ್ತಿಗೆ ಆಮೇಲೆ ತೆರೆದು ನೋಡಿದಾಗ ಫೋನಿನಲ್ಲಿ ಹೇಳಿದ ಹೆಸರು ಒಂದು, ಅಲ್ಲಿ ಇದ್ದದ್ದು ಯಾರೋ ಹೆಂಗಸಿನ ಹೆಸರು. ಆದರೆ ಹೆಸರು ಸರಿ ಇದ್ದರೆ ಮೋಸ ಇಲ್ಲ ಅಂತಲ್ಲ. ಇಂಥ ಖಾತೆಗಳು ಹೆಚ್ಚಾಗಿ ಬಾಡಿಗೆಗೆ ಪಡೆದವು, ಖಾತೆಯ ಹೆಸರಿನವರಿಗೂ ಫೋನ್ ಮಾಡಿದವನಿಗೂ ಸಂಬಂಧವೇ ಇರುವುದಿಲ್ಲ.

ಮಾರುವವರು ಕೊಡಬೇಕಾದದ್ದು ತಮ್ಮ ಯುಪಿಐ ವಿಳಾಸ ಅಥವಾ ತಮ್ಮ ಕ್ಯೂಆರ್, ಅಷ್ಟೇ. ಅದು ಗೊತ್ತಾದರೆ ಯಾರೂ ಹಣ ತೆಗೆಯೋಕಾಗಲ್ಲ, ಹಾಕಬಹುದು ಮಾತ್ರ. ಹಣ ಬಂತಾ ಅಂತ ನೋಡೋಕೆ ಅವರು ಕಳಿಸಿದ ಸ್ಕ್ರೀನ್‌ಶಾಟ್ ನಂಬಬೇಡಿ, ಹತ್ತಂಕಿಯ ಮೊಬೈಲ್ ನಂಬರಿನಿಂದ ಬಂದ "ಜಮಾ ಆಗಿದೆ" ಮೆಸೇಜನ್ನೂ ನಂಬಬೇಡಿ. ನಿಮ್ಮ ಆಪ್ ನೀವೇ ತೆರೆದು ಬ್ಯಾಲೆನ್ಸ್ ನೋಡಿ. ಬ್ಯಾಲೆನ್ಸ್ ನೋಡೋಕೆ ಪಿನ್ ಒತ್ತಿದರೆ ಬಾಕಿ ಇರುವ ಕೋರಿಕೆಗೆ ಒಪ್ಪಿಗೆ ಕೊಟ್ಟ ಹಾಗಾಗುತ್ತೆ ಅಂತ ಒಂದು ಸುದ್ದಿ ಓಡಾಡಿತ್ತು, ಅದು ನಿಜವಲ್ಲ. ಆ ಪಿನ್ ಆ ಒಂದು ಕೆಲಸಕ್ಕೆ ಮಾತ್ರ.

ಹೋದ ಮೇಲೆ

ಒತ್ತಿ ಆಗಿದೆ, ದುಡ್ಡು ಹೋಗಿದೆ ಅಂದರೆ ಮೊದಲು ಅವನಿಗೆ ಫೋನ್ ಮಾಡಿ ಬೈಯುತ್ತಾ ಕೂರಬೇಡಿ. 1930ಕ್ಕೆ ಮಾಡಿ. ಇದು ಇಡೀ ದೇಶಕ್ಕೆ ಇರುವ ಸೈಬರ್ ಮೋಸದ ಸಹಾಯವಾಣಿ. ನಿಮ್ಮ ಬ್ಯಾಂಕ್, ಖಾತೆ ನಂಬರ್, ಮೊತ್ತ, ಎಷ್ಟು ಹೊತ್ತಿಗೆ ಹೋಯಿತು, ಆಪ್‌ನಲ್ಲಿ ಆ ಪಾವತಿಯನ್ನು ತೆರೆದರೆ ಕಾಣುವ 12 ಅಂಕಿಯ ಯುಟಿಆರ್ ನಂಬರ್ ಕೇಳುತ್ತಾರೆ. ಆ ನಂಬರ್ ಹಿಡಿದು ಹಣ ಯಾವ ಬ್ಯಾಂಕಿಗೆ ಹೋಗಿದೆ ಅಂತ ಹುಡುಕಿ, ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯಲು ಆ ಬ್ಯಾಂಕಿಗೆ ತಿಳಿಸುತ್ತಾರೆ. ಮುಂದಿನ ಖಾತೆಗೆ ಹೋಗಿದ್ದರೆ ಅದರ ಹಿಂದೆ ಹೋಗುತ್ತಾರೆ. ನಿಮ್ಮ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿ ಎಲ್ಲೋ ಎಟಿಎಂನಲ್ಲಿ ನೋಟಾಗುವ ಮುಂಚೆ ಹಿಡಿಯಬೇಕು, ಅದಕ್ಕೇ ನಿಮಿಷ ನಿಮಿಷವೂ ಲೆಕ್ಕ. ಆಮೇಲೆ cybercrime.gov.in ಅಲ್ಲಿ ಪೂರ್ತಿ ದೂರು ಹಾಕಬೇಕು. ಕ್ಯೂಆರ್ ಚಿತ್ರ, ಚಾಟ್, ಆ ನಂಬರು ಯಾವುದನ್ನೂ ಅಳಿಸಬೇಡಿ.

ಬ್ಯಾಂಕಿಗೂ ತಕ್ಷಣ ಹೇಳಿ. ಇಲ್ಲಿ ಒಂದು ಕಹಿ ವಿಷಯ ಇದೆ. ಗ್ರಾಹಕರ ಹೊಣೆ ಎಷ್ಟು ಅನ್ನುವ ಬಗ್ಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ನಿಯಮದಲ್ಲಿ, ಗ್ರಾಹಕರ ತಪ್ಪಿಲ್ಲದೆ ಹೊರಗಿನವರು ಹಣ ಹೊಡೆದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದರೆ, ಗ್ರಾಹಕರಿಗೆ ನಷ್ಟ ಇಲ್ಲ. ಆದರೆ ಗ್ರಾಹಕರ ಅಜಾಗರೂಕತೆಯಿಂದ ಹೋದದ್ದಾದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಅತ್ತಿಗೆಯಂಥವರು ತಾವೇ ಪಿನ್ ಒತ್ತಿರುವುದರಿಂದ ಬ್ಯಾಂಕಿನವರು ಸಾಮಾನ್ಯವಾಗಿ ಎರಡನೇ ಗುಂಪಿಗೆ ಸೇರಿಸುತ್ತಾರೆ. ಸಹಿ ನಿಮ್ಮದೇ ತಾನೆ ಅನ್ನುವ ಲೆಕ್ಕ. ಅದಕ್ಕೇ ಬ್ಯಾಂಕಿನಿಂದ ವಾಪಸ್ ಬರುತ್ತೆ ಅಂತ ಕಾಯುವುದಕ್ಕಿಂತ 1930ರಲ್ಲಿ ಹಣ ತಡೆಹಿಡಿಸುವುದೇ ಹೆಚ್ಚು ಆಸೆ ಇಟ್ಟುಕೊಳ್ಳಬಹುದಾದ ದಾರಿ.

ಅತ್ತಿಗೆ ಮುಕ್ಕಾಲು ಗಂಟೆ ತಡ ಮಾಡಿದ್ದರು. ಅಣ್ಣನಿಗೆ ಹೇಳೋದಾ ಬೇಡವಾ ಅಂತ ಯೋಚಿಸಿ, ಆ ಮೋಸಗಾರನಿಗೆ ನಾಲ್ಕು ಸಲ ಫೋನ್ ಮಾಡಿ, ಅವನು ಬ್ಲಾಕ್ ಮಾಡಿದ ಮೇಲೆ 1930ಕ್ಕೆ ಹಚ್ಚಿದ್ದು. ಅಷ್ಟರಲ್ಲಿ ಹಣ ಎರಡು ಖಾತೆ ದಾಟಿತ್ತು. 2,100 ರೂಪಾಯಿ ಮಾತ್ರ ತಡೆಹಿಡಿಯಲು ಆಯಿತು, ಅದು ಇನ್ನೂ ಕೈಗೆ ಬಂದಿಲ್ಲ, ತಡೆದ ಹಣ ಬಿಡಿಸಿಕೊಳ್ಳೋಕೆ ಬೇರೆ ಓಡಾಟ ಇದೆ.

ಮಷೀನು ಮುಂದಿನ ವಾರ ಹೋಯಿತು. ನಿಟ್ಟುವಳ್ಳಿ ಕಡೆಯ ಒಬ್ಬ ಹೆಂಗಸು ಮನೆಗೇ ಬಂದು, ಕೂತು, ಒಂದು ತುಂಡು ಬಟ್ಟೆ ಹೊಲಿದು ನೋಡಿ, ಬೆಲ್ಟ್ ಸಡಿಲ ಇದೆ ಅಂತ ತಕರಾರು ತೆಗೆದು 800 ರೂಪಾಯಿ ಇಳಿಸಿದರು. ಅತ್ತಿಗೆ ತಮ್ಮ ಕ್ಯೂಆರ್ ತೋರಿಸಿದರು. ಪಿನ್ ಒತ್ತಿದವರು ಆ ಹೆಂಗಸು. ಅತ್ತಿಗೆಯ ಫೋನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿದ್ದು ಹಾಗೇ ಇತ್ತು, ಕ್ಯೂಆರ್ ತೋರಿಸಿದ್ದು ಅಣ್ಣನ ಕೈಯಲ್ಲಿ ಮುದ್ರಿಸಿ ತರಿಸಿದ ಕಾಗದದಿಂದ. 6,700 ರೂಪಾಯಿ ಬಂದ ಮೆಸೇಜು ಅಲ್ಲಿಂದಲೇ ಟಿಂಗ್ ಅಂತು.